ಮೂರು ಗಾಜಿನ ಬುರುಡೆಗಳ ಕಿಪ್ ಉಪಕರಣ

ಕಾಲೇಜಿನ ಹಳೆಯ ರಸಾಯನಶಾಸ್ತ್ರ ಪ್ರಯೋಗಾಲಯದ ಫೋಟೋದಲ್ಲಿ ಒಂದರ ಮೇಲೊಂದು ಕೂತ ಮೂರು ಗಾಜಿನ ಬುರುಡೆಗಳು ಕಂಡರೆ, ಅದು ಕಿಪ್ ಉಪಕರಣ. ಪ್ರಯೋಗಾಲಯದ ಮಾತಿನಲ್ಲಿ ‘ಕಿಪ್ಸ್ ಅಪರೇಟಸ್’. ಒಂದು ಕಾಲದಲ್ಲಿ ಬಿ.ಎಸ್‌ಸಿ. ಮುಗಿಸಿದ ಯಾರಿಗೂ ಇದನ್ನು ಪರಿಚಯಿಸಬೇಕಾಗಿರಲಿಲ್ಲ. ಅದರ ವಾಸನೆಯೇ ಪರಿಚಯ ಮಾಡಿಕೊಡುತ್ತಿತ್ತು. ಇಂದಿನ ವಿದ್ಯಾರ್ಥಿ ಅದೇ ಫೋಟೋ ನೋಡಿ ‘ಇದರ ಹೆಸರೇನು, ಯಾತಕ್ಕೆ ಬಳಸುತ್ತಾರೆ’ ಎಂದು ಕೇಳಿದರೆ ಅಚ್ಚರಿಯಿಲ್ಲ. ಎಷ್ಟೋ ಕಡೆ ಅದು ಮೇಜಿನಿಂದ ಕಪಾಟಿಗೆ, ಕಪಾಟಿನಿಂದ ಉಗ್ರಾಣಕ್ಕೆ ಸರಿದಿದೆ. ಚುಟುಕಾಗಿ ಹೇಳುವುದಾದರೆ, ಬೇಕಾದಾಗ ಅನಿಲವನ್ನು ಹುಟ್ಟಿಸಿ ಕೊಟ್ಟು, ತಿರುಪು ಮುಚ್ಚಿದೊಡನೆ ತಾನಾಗಿಯೇ ಕೆಲಸ ನಿಲ್ಲಿಸುವ ಸಾಧನ ಇದು. ಇದಕ್ಕೆ ವಿದ್ಯುತ್ತು ಬೇಡ, ಬೆಂಕಿ ಬೇಡ, ಪಕ್ಕದಲ್ಲಿ ನಿಂತು ನೋಡಿಕೊಳ್ಳುವವರೂ ಬೇಡ.

ಫೋಟೋದಲ್ಲಿ ಇದನ್ನು ಗುರುತಿಸಲು ಬುರುಡೆಗಳ ಎಣಿಕೆಯೊಂದನ್ನೇ ನಂಬಬೇಕಿಲ್ಲ. ನಡುವಿನ ಬುರುಡೆಯ ಪಕ್ಕದಿಂದ ತಿರುಪಿನ ಕೊಳವೆಯೊಂದು ಹೊರಬಂದಿರುತ್ತದೆ. ಅನಿಲ ಹೊರಬರುವ ದಾರಿ ಅದೇ. ಕೆಳಗಿನ ಬುರುಡೆಯ ಬುಡದ ಹತ್ತಿರ ಬಿರಡೆ ಹಾಕಿದ ಸಣ್ಣ ಬಾಯಿ ಇರುತ್ತದೆ. ಹಳತಾದ ಆಮ್ಲವನ್ನು ಅಲ್ಲಿಂದ ಬಸಿಯುತ್ತಾರೆ. ಮೇಲಿನ ಬುರುಡೆಯ ನೆತ್ತಿಯಲ್ಲಿ ಬಾಗಿದ ಕೊಳವೆಯ ಸಣ್ಣ ಆಲಿಕೆಯೊಂದು ಕೂತಿರಬಹುದು. ಅದರ ಬಾಗಿನಲ್ಲಿ ಸ್ವಲ್ಪ ನೀರು ನಿಂತಿರುತ್ತದೆ. ಒಳಗಿನ ವಾಸನೆ ನೇರವಾಗಿ ಕೋಣೆಗೆ ಬರದಂತೆ ತಡೆದು, ಬುರುಡೆಯ ಗಾಳಿ ಮಾತ್ರ ಆಚೀಚೆ ಆಡಲು ಬಿಡುವುದು ಆ ನೀರಿನ ಕೆಲಸ. ಈ ಮೂರು ಗುರುತುಗಳು ಕಂಡರೆ ಬೇರೆ ಉಪಕರಣವಿರಬಹುದೆಂಬ ಶಂಕೆ ಬೇಡ.

ನೋಟಕ್ಕೆ ಮೂರು ಬುರುಡೆಗಳಿದ್ದರೂ ನಿಜವಾಗಿ ಇರುವುದು ಎರಡೇ ಗಾಜಿನ ತುಂಡು. ಕೆಳಗಿನ ಮತ್ತು ನಡುವಿನ ಬುರುಡೆಗಳು ಕಿರಿದಾದ ಸೊಂಟದ ಮೂಲಕ ಕೂಡಿಕೊಂಡ ಒಂದೇ ಪಾತ್ರೆ. ಮೇಲಿನ ಬುರುಡೆಗೆ ಉದ್ದನೆಯ ಬಾಲವಿದೆ. ಆ ಬಾಲ ನಡುವಿನ ಬುರುಡೆಯನ್ನು ಹಾದು, ಸೊಂಟವನ್ನೂ ದಾಟಿ, ಕೆಳಗಿನ ಬುರುಡೆಯ ತಳದ ಸಮೀಪದವರೆಗೆ ಇಳಿಯುತ್ತದೆ. ಮೇಲಿನ ಬುರುಡೆ ನಡುವಿನದರ ಕೊರಳಲ್ಲಿ ಕೂರುವ ಜಾಗದಲ್ಲಿ ಎರಡೂ ಗಾಜುಗಳನ್ನು ಉಜ್ಜಿ ಒರಟು ಮಾಡಿರುತ್ತಾರೆ. ಅಲ್ಲಿ ವ್ಯಾಸಲೀನ್ ಸವರಿ ಕೂರಿಸಿದರೆ ಅನಿಲ ಸೋರುವುದಿಲ್ಲ. ಸೊಂಟದಲ್ಲಿ ಬಾಲದ ಸುತ್ತ ಸಂದು ಇರುತ್ತದೆ. ಆ ಸಂದಿನ ಮೇಲೆ ತೂತುಗಳಿರುವ ಬಿಲ್ಲೆಯನ್ನೋ ಗಾಜಿನ ಚೂರುಗಳನ್ನೋ ಹಾಸಿ, ಅದರ ಮೇಲೆ ಘನ ಪದಾರ್ಥದ ತುಣುಕುಗಳನ್ನು ಪೇರಿಸುತ್ತಾರೆ. ಹಾಸು ಇಲ್ಲದಿದ್ದರೆ ತುಣುಕುಗಳು ಕೆಳಗಿನ ಬುರುಡೆಗೆ ಜಾರಿ ಆಮ್ಲದಲ್ಲಿ ಮುಳುಗಿಬಿಡುತ್ತವೆ. ಆಮೇಲೆ ಉಪಕರಣ ನಿಲ್ಲಿಸಿದರೂ ನಿಲ್ಲದು.

ತಿರುಪು ತೆರೆದಾಗ, ಮುಚ್ಚಿದಾಗ

ಕಿಪ್ ಉಪಕರಣ ಕೆಲಸ ಮಾಡುವ ಬಗೆಯನ್ನು ಹಂತಹಂತವಾಗಿ ನೋಡಬೇಕು. ನಡುವಿನ ಬುರುಡೆಯಲ್ಲಿ ಕಬ್ಬಿಣದ ಸಲ್ಫೈಡಿನ ಕಪ್ಪು ತುಣುಕುಗಳಿವೆ ಎಂದಿಟ್ಟುಕೊಳ್ಳೋಣ. ತಿರುಪನ್ನು ತೆರೆದಿಟ್ಟು ಮೇಲಿನ ಬುರುಡೆಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಸುರಿಯುತ್ತಾರೆ. ಆಮ್ಲ ಬಾಲದೊಳಗಿಂದ ಇಳಿದು ಮೊದಲು ಕೆಳಗಿನ ಬುರುಡೆಯನ್ನು ತುಂಬುತ್ತದೆ. ಅದು ತುಂಬಿದ ಮೇಲೆ ಸೊಂಟದ ಸಂದಿನಿಂದ ಮೇಲೇರಿ ಕಪ್ಪು ತುಣುಕುಗಳನ್ನು ಮುಟ್ಟುತ್ತದೆ. ಮುಟ್ಟಿದ ಕ್ಷಣದಿಂದ ಗುಳ್ಳೆ ಏಳತೊಡಗುತ್ತದೆ:

FeS + 2HCl → FeCl₂ + H₂S

ಹುಟ್ಟಿದ ಹೈಡ್ರೋಜನ್ ಸಲ್ಫೈಡ್ ಅನಿಲ ತೆರೆದ ತಿರುಪಿನಿಂದ ಹೊರಗೆ ಹರಿಯುತ್ತದೆ. ಈಗ ತಿರುಪು ಮುಚ್ಚಿದರೆ ಅನಿಲಕ್ಕೆ ಹೋಗಲು ದಾರಿಯಿಲ್ಲ. ಆದರೆ ಆಮ್ಲ ಇನ್ನೂ ತುಣುಕುಗಳಿಗೆ ತಾಗಿಕೊಂಡೇ ಇರುವುದರಿಂದ ಅನಿಲ ಹುಟ್ಟುತ್ತಲೇ ಇರುತ್ತದೆ. ನಡುವಿನ ಬುರುಡೆಯಲ್ಲಿ ಒತ್ತಡ ಏರುತ್ತದೆ; ಏರಿದ ಒತ್ತಡ ಆಮ್ಲವನ್ನು ಕೆಳಕ್ಕೆ ತಳ್ಳುತ್ತದೆ. ತಳ್ಳಿಸಿಕೊಂಡ ಆಮ್ಲಕ್ಕೆ ಉಳಿದಿರುವ ದಾರಿ ಬಾಲದೊಳಗಿಂದ ಮೇಲಿನ ಬುರುಡೆಗೆ ಏರುವುದು ಮಾತ್ರ. ಬಾಯಿ ಕೆಳಗಾಗಿ ಹಿಡಿದ ಲೋಟವನ್ನು ಬಕೆಟ್ಟಿನ ನೀರಿಗೆ ಒತ್ತಿದಾಗ ಒಳಗಿನ ಗಾಳಿ ನೀರನ್ನು ಹೊರಗೇ ನಿಲ್ಲಿಸುವಂತೆ, ಇಲ್ಲಿ ಅನಿಲ ಆಮ್ಲವನ್ನು ತುಣುಕುಗಳಿಂದ ದೂರ ನಿಲ್ಲಿಸುತ್ತದೆ. ಸಂಪರ್ಕ ತಪ್ಪಿದೊಡನೆ ಕ್ರಿಯೆ ನಿಲ್ಲುತ್ತದೆ, ಒತ್ತಡವೂ ಅಲ್ಲಿಗೇ ನಿಲ್ಲುತ್ತದೆ. ಮತ್ತೆ ತಿರುಪು ತೆರೆದರೆ ಒತ್ತಡ ಇಳಿದು, ಮೇಲೆ ಕಾದಿದ್ದ ಆಮ್ಲ ಕೆಳಗಿಳಿದು, ತುಣುಕುಗಳನ್ನು ಮತ್ತೆ ಮುಟ್ಟುತ್ತದೆ.

ಮೇಲಿನ ಬುರುಡೆ ಯಾಕೆ ಅಷ್ಟು ದೊಡ್ಡದು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಅದು ಆಮ್ಲ ಸುರಿಯುವ ಆಲಿಕೆ ಮಾತ್ರವಲ್ಲ, ಹಿಂದಕ್ಕೆ ತಳ್ಳಲ್ಪಟ್ಟ ಆಮ್ಲಕ್ಕೆ ತಂಗುದಾಣವೂ ಹೌದು. ಅಳತೆ ಮೀರಿ ಆಮ್ಲ ತುಂಬಿದರೆ ತಿರುಪು ಮುಚ್ಚಿದಾಗ ಅದು ನೆತ್ತಿಯಿಂದ ಉಕ್ಕುತ್ತದೆ.

ಈ ಏರ್ಪಾಡಿನಿಂದ ಸಿಗುವ ಒತ್ತಡ ಎಷ್ಟೆಂಬುದನ್ನು ಲೆಕ್ಕ ಹಾಕಬಹುದು. ಮೇಲಿನ ಆಮ್ಲದ ಮಟ್ಟಕ್ಕೂ ಕೆಳಗಿನ ಮಟ್ಟಕ್ಕೂ 30 ಸೆಂಟಿಮೀಟರ್ ಅಂತರವಿದ್ದರೆ, ಆಮ್ಲ ನೀರಿಗಿಂತ ಕೊಂಚ ಭಾರವಿರುವುದರಿಂದ, ಅದು ಸುಮಾರು 33 ಸೆಂಟಿಮೀಟರ್ ನೀರಿನ ಕಂಬಕ್ಕೆ ಸಮ. ವಾಯುಮಂಡಲದ ಒತ್ತಡ ಸುಮಾರು 1,030 ಸೆಂಟಿಮೀಟರ್ ನೀರಿನ ಕಂಬಕ್ಕೆ ಸಮ. ಎಂದರೆ ಉಪಕರಣದೊಳಗಿನ ಹೆಚ್ಚುವರಿ ಒತ್ತಡ ಹೊರಗಿನದರ ಶೇಕಡ 3ರಷ್ಟು ಮಾತ್ರ. ಗಾಜು ಸಿಡಿಯುವ ಭಯ ಇಲ್ಲದಿರುವುದು ಇದರಿಂದಲೇ. ಇದರ ಮಿತಿಯೂ ಇದೇ. ಅನಿಲದ ಕೊಳವೆಯನ್ನು ಆಳವಾದ ದ್ರಾವಣದಲ್ಲಿ ಮುಳುಗಿಸಿ, ನಡುವೆ ಅನಿಲ ತೊಳೆಯುವ ನೀರಿನ ಬಾಟಲಿಯನ್ನೂ ಇಟ್ಟರೆ ಎರಡರ ಆಳವೂ ಕೂಡಿಕೊಂಡು ಒತ್ತಡವನ್ನು ತಿಂದುಹಾಕುತ್ತವೆ. ಆಗ ತಿರುಪು ಪೂರ್ತಿ ತೆರೆದಿದ್ದರೂ ಗುಳ್ಳೆ ಬರುವುದಿಲ್ಲ, ವಿದ್ಯಾರ್ಥಿ ಉಪಕರಣ ಕೆಟ್ಟಿದೆ ಎಂದುಕೊಳ್ಳುತ್ತಾನೆ. ಪ್ರನಾಳದಲ್ಲಿ ಕೊಳವೆಯನ್ನು ನಾಲ್ಕೈದು ಸೆಂಟಿಮೀಟರ್ ಮುಳುಗಿಸಿದರೆ ಅನಿಲ ಸಲೀಸಾಗಿ ಬರುತ್ತದೆ.

ಒಳಗೇನಿದೆ ಎಂದು ಬಣ್ಣ ಹೇಳುತ್ತದೆ

ಫೋಟೋ ಬಣ್ಣದ್ದಾಗಿದ್ದರೆ ಆ ಉಪಕರಣ ಯಾವ ಅನಿಲ ಕೊಡುತ್ತಿತ್ತು ಎಂಬುದನ್ನೂ ಬಹುಮಟ್ಟಿಗೆ ಊಹಿಸಬಹುದು. ನಡುವಿನ ಬುರುಡೆಯಲ್ಲಿ ಬೂದುಗಪ್ಪು ಹೆಂಟೆಗಳಿದ್ದು, ದ್ರವಕ್ಕೆ ತೆಳು ಹಸಿರು ಛಾಯೆ ಇದ್ದರೆ ಒಳಗಿರುವುದು ಕಬ್ಬಿಣದ ಸಲ್ಫೈಡ್. ಆ ಹಸಿರು, ಕ್ರಿಯೆಯಲ್ಲಿ ಹುಟ್ಟಿದ ಕಬ್ಬಿಣದ ಲವಣದ್ದು. ಬಿಳಿ ಕಲ್ಲಿನ ಚೂರುಗಳಿದ್ದರೆ ಅದು ಅಮೃತಶಿಲೆ, ಬರುವ ಅನಿಲ ಕಾರ್ಬನ್ ಡೈ ಆಕ್ಸೈಡ್. ಹೊಳಪು ಮಾಸಿದ ಬೆಳ್ಳಗಿನ ಲೋಹದ ಉಂಡೆಗಳಿದ್ದರೆ ಸತು, ಅನಿಲ ಹೈಡ್ರೋಜನ್.

ಮೂರರಲ್ಲೂ ಒಂದು ಸಾಮ್ಯವಿದೆ. ಘನ ಪದಾರ್ಥ ಹೆಂಟೆಯಾಗಿ ದೊರೆಯಬೇಕು, ಕಾಯಿಸದೆಯೇ ಕ್ರಿಯೆ ನಡೆಯಬೇಕು, ಹುಟ್ಟುವ ಲವಣ ನೀರಿನಲ್ಲಿ ಕರಗಬೇಕು. ಈ ಕರಾರುಗಳಲ್ಲಿ ಒಂದು ತಪ್ಪಿದರೂ ಕಿಪ್ ಉಪಕರಣ ಕೆಲಸಕ್ಕೆ ಬಾರದು. ಅಮೃತಶಿಲೆಯ ಜೊತೆ ಗಂಧಕಾಮ್ಲ ಬಳಸಿದರೆ ಮೊದಲು ಚೆನ್ನಾಗಿ ಗುಳ್ಳೆ ಬಂದು ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತದೆ. ಹುಟ್ಟಿದ ಕ್ಯಾಲ್ಸಿಯಂ ಸಲ್ಫೇಟ್ ಅಷ್ಟಾಗಿ ಕರಗದೆ ಕಲ್ಲಿನ ಮೈಗೆ ಪದರವಾಗಿ ಕೂತು ಆಮ್ಲವನ್ನು ತಡೆಯುವುದೇ ಇದಕ್ಕೆ ಕಾರಣ. ಅಮೃತಶಿಲೆಗೆ ಹೈಡ್ರೋಕ್ಲೋರಿಕ್ ಆಮ್ಲವೇ ಆಗಬೇಕು. ಕ್ಯಾಲ್ಸಿಯಂ ಕಾರ್ಬೈಡಿನಿಂದ ಅಸಿಟಿಲೀನ್ ತಯಾರಿಸಲು ಈ ಉಪಕರಣವನ್ನು ಬಳಸದಿರುವುದು ಒಳ್ಳೆಯದು. ಕಾರ್ಬೈಡ್ ನೀರು ಸೋಕಿದೊಡನೆ ಬಿಸಿಯೇರಿ ಸುಣ್ಣದ ಕೆಸರಾಗುತ್ತದೆ. ಕೆಸರು ಸೊಂಟದ ಸಂದನ್ನು ಕಟ್ಟಿಬಿಡುತ್ತದೆ. ಪುಡಿಯಾದ ಪದಾರ್ಥದ ತೊಂದರೆಯೂ ಇಂಥದೇ.

ಆದರೂ ನಮ್ಮ ಕಾಲೇಜುಗಳಲ್ಲಿ ಕಿಪ್ ಉಪಕರಣವೆಂದರೆ ಬಹುಪಾಲು ಹೈಡ್ರೋಜನ್ ಸಲ್ಫೈಡಿನ ಉಪಕರಣವೇ. ಕೊಳೆತ ಮೊಟ್ಟೆಯ ನಾತದ ಈ ಅನಿಲವನ್ನು ಬೇಕೆಂದೇ ತಯಾರಿಸುತ್ತಿದ್ದುದು ಯಾಕೆಂದು ತಿಳಿಯಲು ಲವಣ ವಿಶ್ಲೇಷಣೆಯ ತರಗತಿಗೆ ಹೋಗಬೇಕು.

ತಾಮ್ರ ಮತ್ತು ಸತುವನ್ನು ಬೇರ್ಪಡಿಸುವುದು

ಲವಣ ವಿಶ್ಲೇಷಣೆಯಲ್ಲಿ ವಿದ್ಯಾರ್ಥಿಗೆ ಪುಡಿಯೊಂದನ್ನು ಕೊಟ್ಟು ಅದರಲ್ಲಿ ಯಾವ ಲೋಹಗಳಿವೆ ಎಂದು ಕಂಡುಹಿಡಿಯಲು ಹೇಳುತ್ತಾರೆ. ಲೋಹಗಳನ್ನು ಒಂದೊಂದಾಗಿ ಹುಡುಕುವ ಬದಲು ಗುಂಪುಗುಂಪಾಗಿ ಬೇರ್ಪಡಿಸುವ ಕ್ರಮ 19ನೆಯ ಶತಮಾನದಲ್ಲಿ ನೆಲೆಗೊಂಡಿತು. ಜರ್ಮನಿಯ ಫ್ರೆಸೇನಿಯಸ್ 1841ರಲ್ಲಿ ಹೊರತಂದ ಗುಣಾತ್ಮಕ ವಿಶ್ಲೇಷಣೆಯ ಕೈಪಿಡಿ ಅದನ್ನು ಪ್ರಯೋಗಾಲಯಗಳಿಗೆಲ್ಲ ಹರಡಿತು. ಆ ಕ್ರಮದಲ್ಲಿ ಎರಡನೆಯ ಗುಂಪಿಗೂ ನಾಲ್ಕನೆಯ ಗುಂಪಿಗೂ ಬೇಕಾದದ್ದು ಒಂದೇ ಅನಿಲ, ಹೈಡ್ರೋಜನ್ ಸಲ್ಫೈಡ್. ಎರಡಕ್ಕೂ ವ್ಯತ್ಯಾಸ ಇರುವುದು ದ್ರಾವಣ ಆಮ್ಲೀಯವೋ ಕ್ಷಾರೀಯವೋ ಎಂಬುದರಲ್ಲಿ.

ವಿದ್ಯಾರ್ಥಿಗೆ ಕೊಟ್ಟ ಪುಡಿಯಲ್ಲಿ ತಾಮ್ರದ ಸಲ್ಫೇಟೂ ಸತುವಿನ ಸಲ್ಫೇಟೂ ಬೆರೆತಿವೆ ಎನ್ನೋಣ. ನೀರಿನಲ್ಲಿ ಕರಗಿಸಿದಾಗ ತೆಳು ನೀಲಿ ದ್ರಾವಣವಾಗುತ್ತದೆ. ಮೊದಲು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪ್ರಕ್ಷೇಪ ಬರುವುದಿಲ್ಲ. ಮೊದಲ ಗುಂಪಿನ ಬೆಳ್ಳಿ, ಸೀಸಗಳು ಇಲ್ಲವೆಂದು ಅಲ್ಲಿಗೆ ತಿಳಿಯಿತು. ಆಮ್ಲೀಯವಾದ ಅದೇ ದ್ರಾವಣಕ್ಕೆ ಕಿಪ್ ಉಪಕರಣದ ಕೊಳವೆಯನ್ನು ಇಳಿಸಿ ಅನಿಲ ಹಾಯಿಸಿದರೆ ಕೂಡಲೇ ಕಪ್ಪು ಪ್ರಕ್ಷೇಪ ಕಾಣಿಸುತ್ತದೆ. ಅದು ತಾಮ್ರದ ಸಲ್ಫೈಡ್. ಅದನ್ನು ಶೋಧಿಸಿ ತೆಗೆದ ಮೇಲೆ ಉಳಿದ ದ್ರವ ಬಣ್ಣ ಕಳೆದುಕೊಂಡಿರುತ್ತದೆ. ಆ ದ್ರವವನ್ನು ಕುದಿಸಿ ಅನಿಲವನ್ನು ಓಡಿಸಿ, ಅಮೋನಿಯಂ ಕ್ಲೋರೈಡ್ ಮತ್ತು ಅಮೋನಿಯ ದ್ರಾವಣ ಹಾಕುತ್ತಾರೆ. ಮೂರನೆಯ ಗುಂಪಿನ ಕಬ್ಬಿಣ, ಅಲ್ಯೂಮಿನಿಯಂಗಳು ಇಲ್ಲದ್ದರಿಂದ ಆಗಲೂ ಪ್ರಕ್ಷೇಪ ಬರದು. ಕ್ಷಾರೀಯವಾದ ಆ ದ್ರಾವಣಕ್ಕೆ ಮತ್ತೆ ಹೈಡ್ರೋಜನ್ ಸಲ್ಫೈಡ್ ಹಾಯಿಸಿದಾಗ ಬಿಳಿ ಪ್ರಕ್ಷೇಪ ಇಳಿಯುತ್ತದೆ. ಅದು ಸತುವಿನ ಸಲ್ಫೈಡ್.

ಒಂದೇ ಅನಿಲ ತಾಮ್ರವನ್ನು ಆಮ್ಲದಲ್ಲೇ ಹಿಡಿದು, ಸತುವನ್ನು ಅಲ್ಲಿ ಬಿಟ್ಟು ಕ್ಷಾರದಲ್ಲಿ ಹಿಡಿಯುವುದು ಹೇಗೆ? ಹೈಡ್ರೋಜನ್ ಸಲ್ಫೈಡ್ ನೀರಿನಲ್ಲಿ ಕರಗಿದಾಗ ಅದರ ಅತಿ ಸಣ್ಣ ಪಾಲು ಮಾತ್ರ ಸಲ್ಫೈಡ್ ಅಯಾನಾಗಿ ಒಡೆಯುತ್ತದೆ. ದ್ರಾವಣದಲ್ಲಿ ಮೊದಲೇ ಆಮ್ಲವಿದ್ದರೆ ಆ ಪಾಲು ಇನ್ನಷ್ಟು ಕುಗ್ಗುತ್ತದೆ. ತಾಮ್ರದ ಸಲ್ಫೈಡ್ ಎಷ್ಟು ಕರಗದ ವಸ್ತುವೆಂದರೆ ಆ ಕುಗ್ಗಿದ ಪಾಲೂ ಅದಕ್ಕೆ ಸಾಕು. ಸತುವಿನ ಸಲ್ಫೈಡಿಗೆ ಅದು ಸಾಲದು. ಅಮೋನಿಯ ಹಾಕಿ ಆಮ್ಲವನ್ನು ತೊಡೆದಾಗ ಸಲ್ಫೈಡ್ ಅಯಾನುಗಳು ಹೆಚ್ಚಿ, ಸತುವಿನ ಸರದಿ ಬರುತ್ತದೆ.

ಹೀಗಾಗಿ ಈ ಇಡೀ ಪರೀಕ್ಷೆ ಆಮ್ಲದ ಹದದ ಮೇಲೆ ನಿಂತಿದೆ. ಎರಡನೆಯ ಗುಂಪಿಗೆ ಸುಮಾರು 0.3 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಇರಬೇಕು ಎಂಬುದು ರೂಢಿ. ಆಮ್ಲ ಕಡಿಮೆಯಾದರೆ ಸತುವೂ ತಾಮ್ರದ ಜೊತೆಯಲ್ಲೇ ಇಳಿದುಬಿಡುತ್ತದೆ. ಕಪ್ಪಿನೊಳಗೆ ಬೆರೆತ ಬಿಳಿಯನ್ನು ಕಣ್ಣು ಕಾಣುವುದಿಲ್ಲ. ಮುಂದೆ ನಾಲ್ಕನೆಯ ಗುಂಪಿನಲ್ಲಿ ಏನೂ ಸಿಗದೆ ವಿದ್ಯಾರ್ಥಿ ಸತು ಇಲ್ಲವೆಂದು ಬರೆದು ಅಂಕ ಕಳೆದುಕೊಳ್ಳುತ್ತಾನೆ. ಆಮ್ಲ ಹೆಚ್ಚಾದರೆ ತಾಮ್ರಕ್ಕೇನೂ ಆಗದು, ಆದರೆ ಕ್ಯಾಡ್ಮಿಯಂ ಇಳಿಯದೆ ಉಳಿಯುತ್ತದೆ. ಅದಕ್ಕಾಗಿಯೇ ಪ್ರಕ್ಷೇಪವನ್ನು ಶೋಧಿಸಿದ ಬಳಿಕ ದ್ರವವನ್ನು ನೀರು ಬೆರೆಸಿ ತೆಳುವಾಗಿಸಿ, ಇನ್ನೊಮ್ಮೆ ಅನಿಲ ಹಾಯಿಸಿ ನೋಡಬೇಕು. ಆಗ ಹಳದಿ ಕಾಣಿಸಿಕೊಂಡರೆ ಕ್ಯಾಡ್ಮಿಯಂ ಸಿಕ್ಕಿತೆಂದು ಅರ್ಥ.

ಮೋಸ ಮಾಡುವ ಇನ್ನೊಂದು ಸಂಗತಿಯಿದೆ. ಕೆಲವೊಮ್ಮೆ ಅನಿಲ ಹಾಯಿಸಿದಾಗ ದ್ರಾವಣ ಹಾಲಿನಂತೆ ಮಸುಕಾಗುತ್ತದೆ. ಬಿಳಿಹಳದಿ ಬಣ್ಣದ ನುಣುಪಾದ ಪುಡಿ ತೇಲುತ್ತದೆ, ಶೋಧಕ ಕಾಗದದಲ್ಲೂ ಸರಿಯಾಗಿ ನಿಲ್ಲುವುದಿಲ್ಲ. ಅದು ಯಾವ ಲೋಹದ ಸಲ್ಫೈಡೂ ಅಲ್ಲ, ಬರಿಯ ಗಂಧಕ. ದ್ರಾವಣದಲ್ಲಿ ನೈಟ್ರಿಕ್ ಆಮ್ಲವೋ ಫೆರಿಕ್ ಕಬ್ಬಿಣವೋ ಇದ್ದರೆ ಅವು ಹೈಡ್ರೋಜನ್ ಸಲ್ಫೈಡನ್ನು ಉತ್ಕರ್ಷಿಸಿ ಗಂಧಕವನ್ನು ಬಿಡಿಸುತ್ತವೆ. ಫೆರಿಕ್ ಕಬ್ಬಿಣವಾದರೆ ದ್ರಾವಣದ ಹಳದಿಯೂ ಮಾಸುತ್ತದೆ. ಅನಿಲವನ್ನು ಕುದಿಸಿ ಓಡಿಸಿದ ಮೇಲೆ, ಮೂರನೆಯ ಗುಂಪಿಗೆ ಹೋಗುವ ಮುನ್ನ ಒಂದೆರಡು ಹನಿ ನೈಟ್ರಿಕ್ ಆಮ್ಲ ಹಾಕಿ ಕುದಿಸಿ ಎಂದು ಕೈಪಿಡಿಗಳು ಹೇಳುವುದು, ಹೀಗೆ ಕೆಳದರ್ಜೆಗಿಳಿದ ಕಬ್ಬಿಣವನ್ನು ಮತ್ತೆ ಫೆರಿಕ್ ರೂಪಕ್ಕೆ ತರಲು. ಕಾರಣ ತಿಳಿಯದೆ ಆ ಹನಿ ಹಾಕಿದವರೇ ಹೆಚ್ಚು. ಅನಿಲ ಪೂರ್ತಿ ಹೋಗಿದೆಯೇ ಎಂದು ತಿಳಿಯಲು ಲೆಡ್ ಅಸಿಟೇಟಿನಲ್ಲಿ ಅದ್ದಿದ ಕಾಗದವನ್ನು ಆವಿಗೆ ಹಿಡಿಯುತ್ತಾರೆ. ಕಾಗದ ಕಪ್ಪಾಗುವುದು ನಿಲ್ಲುವವರೆಗೆ ಕುದಿಸಬೇಕು.

ಕೈಕೊಡುವ ಬಗೆ

ಉಪಕರಣವೇ ಕೈಕೊಡುವ ಸಂದರ್ಭಗಳಲ್ಲಿ ಮುಖ್ಯವಾದದ್ದು ಸೋರಿಕೆ. ತಿರುಪು ಮುಚ್ಚಿ ಕೆಲವು ನಿಮಿಷ ಬಿಟ್ಟು ನೋಡಿದಾಗ ಆಮ್ಲ ತುಣುಕುಗಳಿಂದ ಕೆಳಗಿಳಿದು ಅಲ್ಲೇ ನಿಂತಿದ್ದರೆ ಉಪಕರಣ ಸರಿಯಿದೆ. ನಿಧಾನವಾಗಿ ಮತ್ತೆ ಮೇಲೇರುತ್ತಿದ್ದರೆ ತಿರುಪಿನಲ್ಲೋ ಕೊರಳಿನಲ್ಲೋ ಪಕ್ಕದ ಬಿರಡೆಯಲ್ಲೋ ಅನಿಲ ನುಸುಳುತ್ತಿದೆ. ಸಾಬೂನಿನ ನೀರು ಸವರಿದರೆ ಜಾಗ ಗೊತ್ತಾಗುತ್ತದೆ. ಇದನ್ನು ಗಮನಿಸದೆ ಸಂಜೆ ಬೀಗ ಹಾಕಿ ಹೋದರೆ ರಾತ್ರಿಯಿಡೀ ಆಮ್ಲ ತುಣುಕುಗಳನ್ನು ಮುಟ್ಟುತ್ತಲೇ ಇದ್ದು, ಬೆಳಗ್ಗೆ ಬಾಗಿಲು ತೆರೆದವರಿಗೆ ಇಡೀ ಕೋಣೆಯ ಅನಿಲ ಎದುರಾಗುತ್ತದೆ.

ತಿರುಪು ತೆರೆದರೂ ಗುಳ್ಳೆ ಮಂದವಾಗಿದ್ದರೆ, ತುಣುಕು ಇನ್ನೂ ಸಾಕಷ್ಟಿದ್ದರೆ, ಆಮ್ಲದ ಕಸುವು ತೀರಿದೆ. ಇದು ಈ ರಚನೆಯಲ್ಲೇ ಇರುವ ದೌರ್ಬಲ್ಯ. ಕಬ್ಬಿಣದ ಲವಣ ತುಂಬಿದ ಹಳೆಯ ಆಮ್ಲ ಭಾರವಾಗಿ ಕೆಳಗೇ ಉಳಿಯುತ್ತದೆ. ತಿರುಪು ತೆರೆದಾಗ ತುಣುಕುಗಳನ್ನು ಮೊದಲು ಮುಟ್ಟುವುದು ಆ ಹಳೆಯದೇ. ಮೇಲೆ ಹೊಸ ಆಮ್ಲ ಸುರಿದರೆ ಪ್ರಯೋಜನ ಕಡಿಮೆ, ಕೆಳಗಿನ ಬಿರಡೆ ತೆಗೆದು ಹಳೆಯದನ್ನು ಬಸಿಯಲೇಬೇಕು. ಗಂಧಕಾಮ್ಲ ಬಳಸಿ ಬಹುದಿನ ಹಾಗೇ ಬಿಟ್ಟರೆ ಫೆರಸ್ ಸಲ್ಫೇಟಿನ ಹಸಿರು ಹರಳುಗಳು ಬೆಳೆದು ಬಾಲವನ್ನು ಕಟ್ಟುವುದೂ ಉಂಟು.

ಹೈಡ್ರೋಜನ್ನಿಗೆ ಬಳಸುವಾಗ ಎಚ್ಚರ ಬೇರೆಯದು. ಮೊದಲು ಬರುವ ಅನಿಲದಲ್ಲಿ ಬುರುಡೆಯೊಳಗಿನ ಗಾಳಿ ಬೆರೆತಿರುತ್ತದೆ, ಆ ಮಿಶ್ರಣ ಸ್ಫೋಟಕ. ಪ್ರನಾಳದಲ್ಲಿ ಸ್ವಲ್ಪ ಅನಿಲ ಹಿಡಿದು ಉಪಕರಣದಿಂದ ದೂರ ಒಯ್ದು ಹೊತ್ತಿಸಿ ನೋಡಬೇಕು. ಸಿಡಿಯುವ ಸದ್ದು ಬಂದರೆ ಇನ್ನೂ ಗಾಳಿ ಇದೆ. ಸದ್ದಿಲ್ಲದೆ ಉರಿದರೆ ಮುಂದುವರಿಯಬಹುದು.

ವಾಸನೆ ನಿಂತಾಗಲೇ ಅಪಾಯ

ಹೈಡ್ರೋಜನ್ ಸಲ್ಫೈಡ್ ಬರಿಯ ನಾತದ ಅನಿಲವಲ್ಲ, ವಿಷ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದಾಗಲೇ ಮೂಗು ಅದನ್ನು ಪತ್ತೆಹಚ್ಚುತ್ತದೆ. ಆದರೆ ಸುಮಾರು 100 ಪಾಲು ತಲುಪಿದರೆ ಕೆಲವೇ ನಿಮಿಷಗಳಲ್ಲಿ ಮೂಗು ಮರಗಟ್ಟಿ, ವಾಸನೆ ಹೋಯಿತೆಂಬ ಭ್ರಮೆಯಾಗುತ್ತದೆ. 700ರಿಂದ 1,000 ಪಾಲುಗಳಲ್ಲಿ ಮನುಷ್ಯ ಕೆಲವೇ ಉಸಿರಿಗೆ ಕುಸಿಯಬಹುದು. ಗಾಳಿಗಿಂತ ಭಾರವಾದ್ದರಿಂದ ಅದು ತಗ್ಗಿನಲ್ಲಿ ತಂಗುತ್ತದೆ. ಒಳಚರಂಡಿಗೆ ಇಳಿದ ಪೌರಕಾರ್ಮಿಕರ ಸಾವಿಗೆ ಕಾರಣವಾಗುವ ಅನಿಲಗಳಲ್ಲಿ ಇದೂ ಒಂದು. ಕಿಪ್ ಉಪಕರಣವನ್ನು ಮುಖ್ಯ ಪ್ರಯೋಗಾಲಯದಲ್ಲಿಡದೆ ಹೊರಜಗಲಿಯಲ್ಲೋ ಪ್ರತ್ಯೇಕ ಕೋಣೆಯಲ್ಲೋ, ಹೊಗೆ ಹೀರುವ ಫ್ಯಾನಿನ ಗೂಡಿನಲ್ಲೋ ಇಡುತ್ತಿದ್ದುದಕ್ಕೆ ಕಾರಣ ಇದು. ಫೋಟೋದಲ್ಲಿ ಅದು ಗೋಡೆಗೆ ಹತ್ತಿದ ಗಾಜಿನ ಬಾಗಿಲಿನ ಗೂಡಿನೊಳಗೆ ಕಂಡರೆ ಆ ಪ್ರಯೋಗಾಲಯದವರು ಜಾಗ್ರತೆಯವರು ಎನ್ನಬಹುದು.

ಪರೀಕ್ಷೆಗೆ ನಿಜವಾಗಿ ಬೇಕಾದ ಅನಿಲ ಎಷ್ಟು ಕಡಿಮೆ ಎಂಬುದನ್ನು ನೋಡಿದರೆ ಈ ಪದ್ಧತಿಯ ದುಂದು ಅರ್ಥವಾಗುತ್ತದೆ. ಕಾಲು ಗ್ರಾಂ ಮೈಲುತುತ್ತದ ಹರಳು ಒಂದು ಮಿಲಿಮೋಲ್ ತಾಮ್ರಕ್ಕೆ ಸಮ. ಅದನ್ನೆಲ್ಲ ಸಲ್ಫೈಡ್ ಮಾಡಲು ಒಂದು ಮಿಲಿಮೋಲ್ ಅನಿಲ, ಅಂದರೆ ಸುಮಾರು 24 ಮಿಲಿಲೀಟರ್ ಸಾಕು. ಅತ್ತ 100 ಗ್ರಾಂ ಕಬ್ಬಿಣದ ಸಲ್ಫೈಡ್ ಶುದ್ಧವಾಗಿದ್ದರೆ ಸುಮಾರು 27 ಲೀಟರ್ ಅನಿಲ ಕೊಡುತ್ತದೆ. ಲೆಕ್ಕದ ಪ್ರಕಾರ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಸಾಕು. ವಾಸ್ತವದಲ್ಲಿ ದ್ರಾವಣಕ್ಕೆ ಹಾಯಿಸಿದ ಗುಳ್ಳೆಗಳಲ್ಲಿ ಬಹುಪಾಲು ಲೋಹಕ್ಕೆ ಸಿಗದೆ ಮೇಲೇರಿ ಕೋಣೆಗೆ ಸೇರುತ್ತವೆ.

ಡೆಲ್ಫ್ಟಿನ ಔಷಧಿಕಾರ

ಉಪಕರಣಕ್ಕೆ ಹೆಸರು ಬಂದದ್ದು ನೆದರ್ಲೆಂಡ್ಸಿನ ಪೆಟ್ರಸ್ ಯಾಕೋಬಸ್ ಕಿಪ್ ಎಂಬವನಿಂದ. ಡೆಲ್ಫ್ಟ್ ನಗರದಲ್ಲಿ ಔಷಧದಂಗಡಿ ಇಟ್ಟುಕೊಂಡು ವೈಜ್ಞಾನಿಕ ಸಲಕರಣೆಗಳನ್ನೂ ಮಾರುತ್ತಿದ್ದವನು. 1808ರಲ್ಲಿ ಹುಟ್ಟಿ 1864ರಲ್ಲಿ ತೀರಿಕೊಂಡ ಅವನು ಈ ಉಪಕರಣವನ್ನು ರೂಪಿಸಿದ್ದು 1844ರ ಸುಮಾರಿಗೆ. ಅನಿಲದ ಒತ್ತಡದಿಂದಲೇ ಆಮ್ಲವನ್ನು ಹಿಂದಕ್ಕೆ ತಳ್ಳುವ ಉಪಾಯ ಮಾತ್ರ ಅವನದೇ ಅಲ್ಲ. ಯೇನಾದ ರಸಾಯನಶಾಸ್ತ್ರಜ್ಞ ಡೋಬೆರೈನರ್ 1823ರಲ್ಲಿ ಮಾಡಿದ ದೀಪದಲ್ಲಿ ಅದು ಆಗಲೇ ಇತ್ತು. ಆ ದೀಪದಲ್ಲಿ ಸತು ಮತ್ತು ಗಂಧಕಾಮ್ಲದಿಂದ ಹುಟ್ಟಿದ ಹೈಡ್ರೋಜನ್, ಪ್ಲಾಟಿನಂ ಸ್ಪಂಜಿನ ಮೇಲೆ ಹರಿದು ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಕಿಪ್ ಮಾಡಿದ್ದು, ಆ ಉಪಾಯವನ್ನು ಯಾವ ಅನಿಲಕ್ಕಾದರೂ ಒಗ್ಗುವ, ದಿನವಿಡೀ ವಿದ್ಯಾರ್ಥಿಗಳ ಕೈಯಲ್ಲಿ ಬಾಳುವ ಗಾಜಿನ ಸಾಧನವಾಗಿಸಿದ್ದು. ಅವನ ಅಂಗಡಿಯಿಂದ ಬೆಳೆದ ‘ಕಿಪ್ ಆ್ಯಂಡ್ ಜೋನನ್’ ಸಂಸ್ಥೆ ಇಂದು ಹೆಸರಾಗಿರುವುದು ಬಿಸಿಲಿನ ತೀವ್ರತೆ ಅಳೆಯುವ ಪೈರಾನೋಮೀಟರುಗಳಿಗೆ.

ಕಿಪ್ ಉಪಕರಣ ಹಿಂದೆ ಸರಿಯಲು ವಿಷದ ಭಯ ಒಂದು ಕಾರಣ, ಬದಲಿಗಳು ಸಿಕ್ಕಿದ್ದು ಇನ್ನೊಂದು. ಥಯೋಅಸಿಟಮೈಡ್ ಎಂಬ ಪದಾರ್ಥವನ್ನು ದ್ರಾವಣಕ್ಕೆ ಹಾಕಿ ಬಿಸಿನೀರಿನಲ್ಲಿ ಕಾಯಿಸಿದರೆ ಅದು ಒಡೆದು ಹೈಡ್ರೋಜನ್ ಸಲ್ಫೈಡನ್ನು ಪ್ರನಾಳದೊಳಗೇ, ನಿಧಾನವಾಗಿ ಬಿಡುತ್ತದೆ. ಅನಿಲದ ದುಂದು ಇಲ್ಲ, ಪ್ರಕ್ಷೇಪವೂ ಶೋಧಿಸಲು ಸುಲಭವಾಗಿ ದಪ್ಪನಾಗಿ ಬರುತ್ತದೆ. ಆದರೆ ಅದು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ, ಹಾಗಾಗಿ ನಿರುಪದ್ರವಿ ಎನ್ನುವಂತಿಲ್ಲ. ಸೋಡಿಯಂ ಸಲ್ಫೈಡ್ ದ್ರಾವಣವನ್ನು ಹನಿಹನಿಯಾಗಿ ಹಾಕುವ ಕ್ರಮವೂ ಇದೆ. ಇನ್ನು ಉದ್ಯಮಗಳಲ್ಲಿ ಲೋಹಗಳನ್ನು ಪತ್ತೆಹಚ್ಚುವ ಕೆಲಸ ವರ್ಣಪಟಲ ಯಂತ್ರಗಳಿಗೆ ಹೋಗಿ ಬಹಳ ಕಾಲವಾಯಿತು. ಲವಣ ವಿಶ್ಲೇಷಣೆ ಈಗ ಉಳಿದಿರುವುದು ಬೋಧನೆಗಾಗಿ. ಬೋಧನೆಯ ಮಟ್ಟಿಗೆ ಮಾತ್ರ ಕಿಪ್ ಉಪಕರಣಕ್ಕೆ ಇಂದೂ ಸಾಟಿಯಿಲ್ಲ: ಒತ್ತಡ ಮತ್ತು ದ್ರವಮಟ್ಟದ ಸಂಬಂಧವನ್ನು ಅಷ್ಟು ನಿಚ್ಚಳವಾಗಿ ತೋರಿಸುವ ಗಾಜಿನ ಪಾತ್ರೆ ಇನ್ನೊಂದಿಲ್ಲ. ಅಮೃತಶಿಲೆ ತುಂಬಿ ಕಾರ್ಬನ್ ಡೈ ಆಕ್ಸೈಡಿಗೆ ಬಳಸಿದರೆ ವಿಷದ ಪ್ರಶ್ನೆಯೂ ಏಳುವುದಿಲ್ಲ.

ಕಾಲೇಜಿನ ಉಗ್ರಾಣದಲ್ಲಿ ಹಳೆಯ ಕಿಪ್ ಉಪಕರಣ ಸಿಕ್ಕಿದರೆ ಅದನ್ನು ತೊಳೆಯುವ ಮುನ್ನ ನಡುವಿನ ಬುರುಡೆಯನ್ನು ಪರೀಕ್ಷಿಸಿ. ಕಪ್ಪು ತುಣುಕುಗಳು ಉಳಿದಿದ್ದರೆ, ಬುರುಡೆಗಳು ಬರಿದಾಗಿ ಕಂಡರೂ, ಆಮ್ಲವನ್ನಾಗಲಿ ಆಮ್ಲ ಬೆರೆತ ಶುಚಿಕಾರಕವನ್ನಾಗಲಿ ಸುರಿಯಬೇಡಿ. ಕೆಲಸವನ್ನು ಬಯಲಿನಲ್ಲೋ ಫ್ಯಾನಿನ ಗೂಡಿನಲ್ಲೋ ಮಾಡಿ. ಮೊದಲು ಕೆಳಗಿನ ಬಿರಡೆಯಿಂದ ದ್ರವವನ್ನು ಬಸಿದು, ತುಣುಕುಗಳನ್ನು ನೀರಿನಿಂದ ಹಲವು ಸಲ ತೊಳೆದು ಬೇರೆ ಡಬ್ಬಿಗೆ ತೆಗೆದಿಡಿ. ಕೊರಳು ಕಚ್ಚಿಕೊಂಡಿದ್ದರೆ ತಿರುಚಿ ಎಳೆಯದೆ, ಅದರ ಸುತ್ತ ಬೆಚ್ಚನೆಯ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಡಿ. ಹೊರಗಿನ ಗಾಜು ಹಿಗ್ಗಿದರೆ ಮೇಲಿನ ಬುರುಡೆ ಬಾಲ ಮುರಿಯದೆ ಹೊರಬರುತ್ತದೆ.